ಹನ್ನೊಂದರ ತಪ್ಪು, ಇಪ್ಪತ್ತರ ಗಡುವು

ಬಿ.ಕಾಂ ಮುಗಿಸಿ ಆಡಿಟರ್ ಆಫೀಸಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರ ಕೈಗೆ ಮೊದಲು ಬರುವ ಕೆಲಸ ಸಾಮಾನ್ಯವಾಗಿ ಜಿಎಸ್‌ಟಿಯದು. ಅಂಗಡಿಯವರು ಕಳಿಸಿದ ಬಿಲ್ಲುಗಳನ್ನು ಜೋಡಿಸಿ, ಕಂಪ್ಯೂಟರಿಗೆ ಏರಿಸಿ, ಹಿರಿಯರಿಗೆ ತೋರಿಸಿ ರಿಟರ್ನ್ ಹಾಕಿಸುವುದು. ಕೆಲಸ ಸುಲಭವೆಂದೇ ಹೇಳಿಕೊಡುತ್ತಾರೆ. ಆದರೆ ಹೊಸಬರು ತಪ್ಪು ಮಾಡುವುದೂ ಇಲ್ಲಿಯೇ, ಮಾಡಿದ ತಪ್ಪನ್ನು ಮುಚ್ಚಿಟ್ಟುಕೊಂಡು ಸಂಕಟಪಡುವುದೂ ಇಲ್ಲಿಯೇ. ತಪ್ಪಾದಾಗ ಹಿರಿಯರಿಗೆ ಬೇಗ ಹೇಳಬೇಕು ಎಂಬ ಬುದ್ಧಿಮಾತನ್ನು ಎಲ್ಲರೂ ಕೇಳಿರುತ್ತಾರೆ. ಬೇಗ ಎಂದರೆ ಯಾವ ತಾರೀಖಿನೊಳಗೆ, ಏನೇನು ಹೇಳಬೇಕು, ಪರಿಹಾರ ಸೂಚಿಸುವಾಗ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಜಿಎಸ್‌ಟಿ ಕೆಲಸದಲ್ಲಿ ಈ ಪ್ರಶ್ನೆಗಳಿಗೆ ಖಚಿತವಾದ ಉತ್ತರಗಳಿವೆ.

ಮೊದಲು ತಾರೀಖುಗಳನ್ನು ನೋಡೋಣ. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವ ವ್ಯಾಪಾರಿ ಹಿಂದಿನ ತಿಂಗಳು ಯಾರಿಗೆ ಎಷ್ಟು ಮಾರಿದೆ ಎಂಬ ವಿವರವನ್ನು 11ನೇ ತಾರೀಖಿನೊಳಗೆ ಕೊಡಬೇಕು. ಇದು ಜಿಎಸ್‌ಟಿಆರ್-1. ಅದರಲ್ಲಿ ಕೊಟ್ಟ ಪ್ರತಿ ಬಿಲ್ಲೂ, ಕೊಂಡವನ ಜಿಎಸ್‌ಟಿ ನಂಬರಿನ ಪ್ರಕಾರ, ಅವನ ಖಾತೆಗೆ ಹೋಗುತ್ತದೆ. 14ರಂದು ಅವನಿಗೆ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಸಿದ್ಧವಾಗುತ್ತದೆ. ತಾನು ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯಲ್ಲಿ ಎಷ್ಟನ್ನು ಕಳೆದುಕೊಳ್ಳಬಹುದು ಎಂಬುದನ್ನು ಅವನು ಅದರಲ್ಲಿ ನೋಡಿಕೊಳ್ಳುತ್ತಾನೆ. 20ರೊಳಗೆ ಮಾರಿದವನೂ ಕೊಂಡವನೂ ತಮ್ಮ ತಮ್ಮ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟುತ್ತಾರೆ. ಒಮ್ಮೆ ಸಲ್ಲಿಸಿದ 3ಬಿಯನ್ನು ವಾಪಸು ತೆಗೆದು ತಿದ್ದುವ ಅವಕಾಶವಿಲ್ಲ. ಹಾಗಾಗಿ 11ರಂದು ಆದ ತಪ್ಪು 12ರಂದು ಹಿರಿಯರ ಕಿವಿಗೆ ಬಿದ್ದರೆ ಒಂದು ದಾರಿ, 15ಕ್ಕೆ ಬಿದ್ದರೆ ಇನ್ನೊಂದು, 21ಕ್ಕೆ ಬಿದ್ದರೆ ಮತ್ತೊಂದು. ತಪ್ಪು ಅದೇ ಇರುತ್ತದೆ, ದಾರಿಗಳು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಗುತ್ತವೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅಕ್ಟೋಬರ್ ತಿಂಗಳಲ್ಲಿ 86 ಬಿಲ್ಲುಗಳಾಗಿವೆ. 77 ಬಿಲ್ಲುಗಳು ಅಂಗಡಿಯ ಟ್ಯಾಲಿಯಿಂದಲೇ ಬಂದಿವೆ. ಉಳಿದ 9 ಗೋಡೌನಿನಲ್ಲಿ ಕೈಯಲ್ಲಿ ಬರೆದವು. ಮಾಲೀಕರು ಅವುಗಳ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಾರೆ, ಆಫೀಸಿಗೆ ಸೇರಿ ಎರಡು ತಿಂಗಳಾದ ಹುಡುಗಿ ಒಂದೊಂದಾಗಿ ಟೈಪ್ ಮಾಡಿದ್ದಾಳೆ. ನವೆಂಬರ್ 11ರ ಸಂಜೆ, ಹತ್ತಾರು ಪಾರ್ಟಿಗಳ ರಿಟರ್ನುಗಳ ನಡುವೆ ಇದೂ ಫೈಲ್ ಆಯಿತು.

12ರ ಬೆಳಿಗ್ಗೆ ಅಂಗಡಿಯಿಂದ ತಿಂಗಳ ಮಾರಾಟದ ಒಟ್ಟು ಲೆಕ್ಕ ಬಂತು. ತೆರಿಗೆ ಬಿಟ್ಟು 31,42,500 ರೂಪಾಯಿ. ಪೋರ್ಟಲಿನಲ್ಲಿ ಕಾಣುವುದು 31,06,500. ವ್ಯತ್ಯಾಸ 36,000.

ಇಲ್ಲಿ ಹಳೆಯ ಗುಮಾಸ್ತರ ಒಂದು ಉಪಾಯವಿದೆ, ಇಂದಿಗೂ ಕೆಲಸಕ್ಕೆ ಬರುತ್ತದೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು. ಶೇಷವಿಲ್ಲದೆ ಹೋದರೆ ಎರಡು ಅಂಕಿಗಳು ಅದಲುಬದಲಾಗಿರಬಹುದು, ಇಲ್ಲವೇ ಒಂದು ಸೊನ್ನೆ ಹೆಚ್ಚೋ ಕಮ್ಮಿಯೋ ಆಗಿರಬಹುದು. ಅಕ್ಕಪಕ್ಕದ ಅಂಕಿಗಳು ಜಾಗ ಬದಲಿಸಿದಾಗ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲಿಯೇ ಬರುತ್ತದೆ. 36,000ವನ್ನು 9ರಿಂದ ಭಾಗಿಸಿದರೆ ಸರಿಯಾಗಿ 4,000. ಹಾಗಿದ್ದರೆ ಮೊದಲು ನೋಡಬೇಕಾದದ್ದು ಕೈಯಲ್ಲಿ ಟೈಪ್ ಮಾಡಿದ 9 ಬಿಲ್ಲುಗಳನ್ನು. ನಾಲ್ಕನೆಯದರಲ್ಲೇ ಸಿಕ್ಕಿತು: ಬಿಲ್ ನಂಬರ್ 412, ಮೊತ್ತ 1,84,000. ಟೈಪ್ ಆಗಿರುವುದು 1,48,000. ಶೇ 18ರ ದರದಲ್ಲಿ 6,480 ರೂಪಾಯಿ ತೆರಿಗೆ ಕಡಿಮೆ ತೋರಿಸಿದಂತಾಯಿತು.

ಎಷ್ಟೋ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಹುಡುಕುತ್ತಿದ್ದ 36,000 ಸಿಕ್ಕಿತಲ್ಲ! ಇವಳು ಉಳಿದ 5 ಬಿಲ್ಲುಗಳನ್ನೂ ಬಿಡದೆ ನೋಡಿದಳು. 427ನೇ ಬಿಲ್ಲಿನಲ್ಲಿ ಮೊತ್ತ ಸರಿಯಿತ್ತು, 65,000. ತೆರಿಗೆ 11,700, ಅದೂ ಸರಿ. ಆದರೆ ಬಿಲ್ಲು ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರದು, ರಿಟರ್ನಿನಲ್ಲಿ ಹೋಗಿರುವುದು ಹಾವೇರಿಯ ಇನ್ನೊಬ್ಬರ ನಂಬರಿಗೆ. ಇಬ್ಬರ ಫರ್ಮಿನ ಹೆಸರೂ ಒಂದೇ ದೇವರದು. ಹೆಸರಿನ ಮೊದಲ ನಾಲ್ಕು ಅಕ್ಷರ ಹೊಡೆದಾಗ ಕೆಳಗೆ ಬಂದ ಪಟ್ಟಿಯಲ್ಲಿ ಬೆರಳು ಪಕ್ಕದ ಸಾಲಿಗೆ ಬಿದ್ದಿದೆ.

ಈ ಎರಡನೆಯ ತಪ್ಪು ಒಟ್ಟು ಮೊತ್ತವನ್ನು ಎಷ್ಟು ಸಲ ಕೂಡಿದರೂ ಗೊತ್ತಾಗುವುದಿಲ್ಲ. ಮಾರಿದವನ ಮಾರಾಟ ಸರಿ, ಅವನು ಕಟ್ಟುವ ತೆರಿಗೆ ಸರಿ, 3ಬಿ ಕೂಡ ಸರಿಯಾಗಿಯೇ ಬರುತ್ತದೆ. ಪೆಟ್ಟು ಬೀಳುವುದು ಆಫೀಸಿಗೆ ಪರಿಚಯವೇ ಇಲ್ಲದ ಹುಬ್ಬಳ್ಳಿಯವರಿಗೆ. 14ರ ಪಟ್ಟಿಯಲ್ಲಿ ಅವರ 11,700 ಇರುವುದಿಲ್ಲ. ಆ ತಿಂಗಳು ಅದನ್ನು ಕಳೆದುಕೊಳ್ಳಲಾಗದೆ ಅವರು ಅಷ್ಟು ಹಣವನ್ನು ಕೈಯಿಂದ ಕಟ್ಟಬೇಕಾಗಬಹುದು. ಆಮೇಲೆ ಅವರು ಮಾಡುವ ಕೆಲಸ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತು: ದಾವಣಗೆರೆಗೆ ಫೋನ್ ಮಾಡಿ, "ನಮ್ಮ ಬಿಲ್ಲು ತೋರಿಸೇ ಇಲ್ಲವಲ್ಲ" ಎಂದು ಜಗಳಕ್ಕೆ ನಿಲ್ಲುತ್ತಾರೆ, ಬಾಕಿ ಹಣದಲ್ಲಿ ಜಿಎಸ್‌ಟಿಯಷ್ಟನ್ನು ತಡೆಹಿಡಿಯುತ್ತಾರೆ. ಅಂಗಡಿಯವರಿಗೆ ತಮ್ಮ ಆಡಿಟರ್ ಆಫೀಸಿನ ತಪ್ಪು ತಿಳಿಯುವುದು ಗಿರಾಕಿಯ ಬಾಯಿಂದ.

ಈಗ ಹುಡುಗಿಯ ಮುಂದೆ ಮೂರು ಆಲೋಚನೆಗಳು ಬರುವುದು ಸಹಜ. ಮೊದಲನೆಯದು, ಯಾರಿಗೂ ಹೇಳದೆ ನಾನೇ ಸರಿಮಾಡಿಬಿಡುತ್ತೇನೆ ಎಂಬುದು. 2024ರ ಜುಲೈ ತಿಂಗಳ ಲೆಕ್ಕದಿಂದ ಜಿಎಸ್‌ಟಿಆರ್-1ಎ ಎಂಬ ಹೊಸ ನಮೂನೆ ಬಂದಿದೆ. ಜಿಎಸ್‌ಟಿಆರ್-1 ಸಲ್ಲಿಸಿದ ಮೇಲೆ, 3ಬಿ ಸಲ್ಲಿಸುವುದರೊಳಗೆ, ಅದೇ ತಿಂಗಳ ವಿವರವನ್ನು ಅದರಲ್ಲಿ ತಿದ್ದಬಹುದು, ಬಿಟ್ಟುಹೋದದ್ದನ್ನು ಸೇರಿಸಬಹುದು. ಅದಕ್ಕೆ ಮೊದಲು ಮುಂದಿನ ತಿಂಗಳಿನವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ. ಆದರೆ ಇದಕ್ಕೆ ಕಟ್ಟುಪಾಡುಗಳಿವೆ. ಒಂದು ತಿಂಗಳ ಲೆಕ್ಕಕ್ಕೆ 1ಎ ಸಲ್ಲಿಸಲು ಇರುವುದು ಒಂದೇ ಅವಕಾಶ. 412ನ್ನು ತಿದ್ದಿ ಅವಸರದಲ್ಲಿ ಫೈಲ್ ಮಾಡಿ, ಸಂಜೆ ಟ್ಯಾಲಿಯ 77ರಲ್ಲಿ ಇನ್ನೊಂದು ತಪ್ಪು ಸಿಕ್ಕರೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಇನ್ನೊಂದು, ಫೈಲ್ ಮಾಡಬೇಕಾದರೆ ಒಟಿಪಿ ಹೋಗುವುದು ಅಂಗಡಿ ಮಾಲೀಕರ ಮೊಬೈಲಿಗೆ. ಅಂದರೆ ಹಿರಿಯರಿಗೆ ತಿಳಿಸದೆ ಸರಿಮಾಡಲು ಹೊರಟರೆ ಪಾರ್ಟಿಗೆ ಫೋನ್ ಮಾಡಿ, "ಅಣ್ಣಾ, ಒಂದು ಒಟಿಪಿ ಬರುತ್ತೆ ಹೇಳಿ" ಎಂದು ಕೇಳಲೇಬೇಕು. ಟೈಪಿಂಗ್ ತಪ್ಪಿಗೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಆಫೀಸಿಗೆ ಗೊತ್ತಿಲ್ಲದೆ ಪಾರ್ಟಿಯಿಂದ ಒಟಿಪಿ ಪಡೆದು ರಿಟರ್ನ್ ಹಾಕಿದರೆ ತೆಗೆದರೂ ಆಶ್ಚರ್ಯವಿಲ್ಲ, ಮತ್ತು ಅದು ನ್ಯಾಯವೇ.

ಎರಡನೆಯದು, ಎಲ್ಲವನ್ನೂ ಪೂರ್ತಿ ನೋಡಿ ಆಮೇಲೆ ಹೇಳುತ್ತೇನೆ ಎಂಬುದು. ಇದು ಶ್ರದ್ಧೆಯಂತೆ ಕಾಣುವುದರಿಂದ ಒಳ್ಳೆಯ ಹುಡುಗರೇ ಹೆಚ್ಚಾಗಿ ಇದಕ್ಕೆ ಸಿಕ್ಕಿಬೀಳುತ್ತಾರೆ. 77 ಬಿಲ್ಲುಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಬೇರೆ ಪಾರ್ಟಿಯ ಕೆಲಸ ಬರುತ್ತದೆ, ಅದು ನಾಳೆಗೆ ಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಕೂತವರು ಅದೇ ಪಾರ್ಟಿಯ 3ಬಿಯನ್ನು ಬೇಗನೆ ಮುಗಿಸಿಬಿಡಬಹುದು. 20 ಕೊನೆಯ ದಿನವೇ ಹೊರತು ಆವತ್ತೇ ಹಾಕಬೇಕೆಂದೇನೂ ಇಲ್ಲ. 3ಬಿಯಲ್ಲಿ ತೆರಿಗೆಯ ಅಂಕಿ ಜಿಎಸ್‌ಟಿಆರ್-1ರಿಂದ ತಾನಾಗಿಯೇ ಬಂದು ಕೂರುತ್ತದೆ. ನೋಡಿದವರಿಗೆ ತಪ್ಪಿನ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಹೇಳುವ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಬೇಕು. ಖಚಿತವಾದದ್ದನ್ನು ಈಗಲೇ ಹೇಳುವುದು, ಇನ್ನೂ ನೋಡದೇ ಇರುವುದು ಯಾವುದು ಎಂಬುದನ್ನೂ ಅದರ ಜೊತೆಗೇ ಹೇಳುವುದು.

ಮೂರನೆಯದು, 6,480 ರೂಪಾಯಿ ಏನು ಮಹಾ ಎಂಬುದು. ಬಡ್ಡಿಯನ್ನಷ್ಟೇ ಲೆಕ್ಕ ಹಾಕಿದರೆ ಈ ಮಾತು ನಿಜವೆನಿಸುತ್ತದೆ. ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. 6,480ಕ್ಕೆ ಒಂದು ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಆದರೆ ಸೊನ್ನೆ ಹೆಚ್ಚಾಗಿ 1,84,000 ಎಂಬುದು 18,40,000 ಆಗಿದ್ದರೆ? ಮೂರು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಹೆಚ್ಚುವರಿ ತೆರಿಗೆಯನ್ನು ಅಂಗಡಿಯವರು ಆ ತಿಂಗಳೇ ಹೊಂದಿಸಬೇಕಾಗುತ್ತಿತ್ತು. ಮುಂದೆ ಸರಿಹೋಗುತ್ತದೆ ನಿಜ, ಆದರೆ ಸಣ್ಣ ಅಂಗಡಿಯ ಒಂದು ತಿಂಗಳ ಓಡಾಟದ ಹಣ ಅದು. ತಪ್ಪು ದೊಡ್ಡದೋ ಸಣ್ಣದೋ ಎಂದು ತೂಗುವ ಕೆಲಸ ಆ ಅಂಗಡಿಯ ವ್ಯವಹಾರವನ್ನು ವರ್ಷಗಟ್ಟಲೆ ನೋಡಿದವರದು. ಎರಡು ತಿಂಗಳ ಹಿಂದೆ ಸೇರಿದವರು ಅದನ್ನು ತಮ್ಮ ತಲೆಗೆ ಹಾಕಿಕೊಳ್ಳಬಾರದು.

ಹಾಗಿದ್ದರೆ ಆ ಹುಡುಗಿ ಏನು ಮಾಡಬೇಕು? ಪೋರ್ಟಲಿನಲ್ಲಿ ಏನನ್ನೂ ಮುಟ್ಟದೆ, ಸಲ್ಲಿಕೆಯಾದ ಜಿಎಸ್‌ಟಿಆರ್-1ನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಎರಡು ಬಿಲ್ಲುಗಳ ಫೋಟೊ ಪ್ರಿಂಟ್ ತೆಗೆಯಬೇಕು. ಆಮೇಲೆ ಸೀನಿಯರಿಗೆ ಒಂದು ಮೆಸೇಜ್ ಹಾಕಿ, ಅದರ ಹಿಂದೆಯೇ ಅವರ ಮೇಜಿಗೆ ಹೋಗಬೇಕು. ಬರೀ ಮೆಸೇಜ್ ಆದರೆ ನೂರು ಮೆಸೇಜುಗಳ ನಡುವೆ ಮುಳುಗಿಹೋಗುತ್ತದೆ. ಬರೀ ಬಾಯಿಮಾತಾದರೆ ಬಿಲ್ ನಂಬರುಗಳು ಅದಲುಬದಲಾಗುತ್ತವೆ, ಹೇಳಿದ್ದಕ್ಕೆ ದಾಖಲೆಯೂ ಇರುವುದಿಲ್ಲ. ಮೆಸೇಜ್ ಹೀಗಿರಬಹುದು:

"ಸರ್, ದಾವಣಗೆರೆ ಎಲೆಕ್ಟ್ರಿಕಲ್ ಪಾರ್ಟಿಯ ಅಕ್ಟೋಬರ್ ಜಿಎಸ್‌ಟಿಆರ್-1ರಲ್ಲಿ ನನ್ನಿಂದ ಎರಡು ತಪ್ಪಾಗಿದೆ. ನಿನ್ನೆ ಫೈಲ್ ಆಗಿದೆ, 3ಬಿ ಇನ್ನೂ ಹಾಕಿಲ್ಲ. ಬಿಲ್ 412: 1,84,000 ಬದಲು 1,48,000 ಎಂಟ್ರಿ ಆಗಿದೆ, ತೆರಿಗೆ 6,480 ಕಮ್ಮಿ ಹೋಗಿದೆ. ಬಿಲ್ 427: ಹುಬ್ಬಳ್ಳಿ ಪಾರ್ಟಿಯದು ಹಾವೇರಿ ಪಾರ್ಟಿ ನಂಬರಿಗೆ ಹೋಗಿದೆ, ತೆರಿಗೆ 11,700. ಕೈಯಲ್ಲಿ ಹೊಡೆದ 9 ಬಿಲ್ ಪೂರ್ತಿ ನೋಡಿದೆ. ಟ್ಯಾಲಿಯಿಂದ ಬಂದ 77 ಇನ್ನೂ ಪಾರ್ಟಿವಾರು ನೋಡಿಲ್ಲ, ಮಧ್ಯಾಹ್ನದೊಳಗೆ ನೋಡುತ್ತೇನೆ. ಅಲ್ಲಿಯವರೆಗೆ ಈ ಪಾರ್ಟಿಯ 3ಬಿ ತಡೆಯಬಹುದಾ? 412ನ್ನು 1ಎನಲ್ಲಿ ತಿದ್ದಬಹುದು ಅನ್ನಿಸುತ್ತದೆ. 427ಕ್ಕೆ ಕ್ರೆಡಿಟ್ ನೋಟ್ ಹಾಕಿ ಹೊಸ ಬಿಲ್ ಮಾಡಿಸಬೇಕಾ, ಗೊತ್ತಾಗುತ್ತಿಲ್ಲ."

ಇದರಲ್ಲಿ ಕ್ಷಮೆ ಕೇಳುವ ಉದ್ದನೆಯ ಸಾಲುಗಳಿಲ್ಲ ಎಂಬುದನ್ನು ಗಮನಿಸಿ. ಬೇಸರವಿಲ್ಲವೆಂದಲ್ಲ. "ನನ್ನಿಂದ" ಎಂಬ ಒಂದು ಮಾತಿನಲ್ಲಿ ಅದು ಬಂದುಹೋಗಿದೆ. "ಎಂಟ್ರಿಯಲ್ಲಿ ತಪ್ಪಾಗಿಬಿಟ್ಟಿದೆ ಸರ್" ಎಂದು ತಪ್ಪಿಗೆ ಯಜಮಾನರೇ ಇಲ್ಲದಂತೆ ಬರೆದರೆ ಹಿರಿಯರು ಮೊದಲು ಯಾರು ಮಾಡಿದರು ಎಂದು ಹುಡುಕಬೇಕಾಗುತ್ತದೆ, ಅಷ್ಟು ಹೊತ್ತು ವ್ಯರ್ಥ. ಈ ಮೆಸೇಜಿನ ಅತ್ಯಂತ ಬೆಲೆಯುಳ್ಳ ವಾಕ್ಯ ಯಾವುದೆಂದು ಯಾವ ಆಡಿಟರನ್ನು ಬೇಕಾದರೂ ಕೇಳಿ, 3ಬಿ ಇನ್ನೂ ಹಾಕಿಲ್ಲ ಎಂಬುದೇ ಎನ್ನುತ್ತಾರೆ. ಮುಂದಿನ ಎಲ್ಲ ನಿರ್ಧಾರ ನಿಂತಿರುವುದು ಅದರ ಮೇಲೆ.

ಹುಡುಗಿ ಸೂಚಿಸಿದ ಎರಡು ಪರಿಹಾರಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು. 412ಕ್ಕೆ 1ಎ ಸರಿಯಾದ ದಾರಿ. ಅದರಲ್ಲಿ 1,84,000 ಎಂದು ತಿದ್ದಿದರೆ ಹೆಚ್ಚುವರಿ 6,480 ಇದೇ ತಿಂಗಳ 3ಬಿಗೆ ಬರುತ್ತದೆ, ಬಡ್ಡಿಯ ಪ್ರಶ್ನೆಯೇ ಏಳುವುದಿಲ್ಲ. ಕೊಂಡವರಿಗೆ ಮಾತ್ರ ಆ ವ್ಯತ್ಯಾಸ ಕಾಣುವುದು ಮುಂದಿನ ತಿಂಗಳ 2ಬಿಯಲ್ಲಿ, ಇದನ್ನು ಅವರಿಗೆ ಮೊದಲೇ ತಿಳಿಸಬೇಕು. 427ರ ವಿಷಯ ಬೇರೆ. ಅಲ್ಲಿ ಕ್ರೆಡಿಟ್ ನೋಟ್ ಸಲ್ಲದು. ಮಾಲು ವಾಪಸು ಬಂದಾಗ, ಇಲ್ಲವೇ ಬಿಲ್ಲಿನಲ್ಲೇ ಬೆಲೆ ಅಥವಾ ತೆರಿಗೆ ಹೆಚ್ಚಾಗಿ ಹಾಕಿದಾಗ ಕೊಡುವಂಥದ್ದು ಅದು. ಇಲ್ಲಿ ಬಿಲ್ಲು ಸರಿಯಾಗಿಯೇ ಇದೆ, ಮಾಲು ಹುಬ್ಬಳ್ಳಿಗೇ ಹೋಗಿದೆ. ರಿಟರ್ನಿನಲ್ಲಿ ಬರೆದದ್ದಷ್ಟೇ ತಪ್ಪು. ಇನ್ನು 1ಎನಲ್ಲಿ ಮೊತ್ತ ತಿದ್ದಬಹುದೇ ಹೊರತು ಕೊಂಡವರ ಜಿಎಸ್‌ಟಿ ನಂಬರನ್ನು ಬದಲಿಸಲು ಬರುವುದಿಲ್ಲ. ಅದಕ್ಕೆ ಮುಂದಿನ ತಿಂಗಳ ಜಿಎಸ್‌ಟಿಆರ್-1ರ ತಿದ್ದುಪಡಿ ಕೋಷ್ಟಕವೇ ಗತಿ, ಅದರ ನಂಬರ್ 9ಎ.

ತಪ್ಪು ಪರಿಹಾರ ಸೂಚಿಸಿದ್ದಕ್ಕೆ ಹುಡುಗಿ ನಾಚಿಕೆಪಡಬೇಕಾಗಿಲ್ಲ. "ಗೊತ್ತಾಗುತ್ತಿಲ್ಲ" ಎಂದು ಬರೆದದ್ದರಿಂದಲೇ ಸೀನಿಯರ್ ಅದನ್ನು ನಿಂತು ಓದಿದರು. ಹೊಸಬರು ಸೂಚಿಸುವ ಪರಿಹಾರ ಸರಿಯೇ ಇರಬೇಕೆಂದು ಯಾವ ಹಿರಿಯರೂ ನಿರೀಕ್ಷಿಸುವುದಿಲ್ಲ. ಅದರಿಂದ ಆಗುವ ಉಪಯೋಗ ಬೇರೆ. ತಪ್ಪು ಯಾವ ಬಗೆಯದೆಂದು ಹೇಳಿದವರಿಗೆ ಎಷ್ಟು ಅರ್ಥವಾಗಿದೆ ಎಂಬುದು ಆ ಸಲಹೆಯಲ್ಲಿ ಕಾಣುತ್ತದೆ. ಎರಡನ್ನೂ ಒಟ್ಟಿಗೆ "1ಎನಲ್ಲಿ ತಿದ್ದುತ್ತೇನೆ ಸರ್" ಎಂದು ಹೇಳಿಬಿಟ್ಟಿದ್ದರೆ, ಕೆಲಸದ ಗಡಿಬಿಡಿಯಲ್ಲಿ ಸೀನಿಯರ್ "ಆಯ್ತು" ಎಂದುಬಿಡುತ್ತಿದ್ದರೇನೋ.

ಮೇಜಿನ ಹತ್ತಿರ ನಡೆಯುವ ಮಾತು ಎರಡು ನಿಮಿಷದ್ದು.

"3ಬಿ ಯಾರ ಹತ್ರ ಇದೆ?"

"ಪಕ್ಕದ ಮೇಜಿನ ಅಕ್ಕನ ಹತ್ರ ಸರ್. ಇವತ್ತು ಹಾಕ್ತೀನಿ ಅಂದಿದ್ರು."

"ನಿಲ್ಲಿಸೋಕೆ ಹೇಳು. 77ನ್ನೂ ಪಾರ್ಟಿ ನಂಬರ್ ಹಚ್ಚಿ ನೋಡು, ಮೊತ್ತ ಮಾತ್ರ ಅಲ್ಲ. 1ಎ ಡ್ರಾಫ್ಟ್ ಮಾಡಿಡು, ಫೈಲ್ ಮಾಡ್ಬೇಡ. ಹುಬ್ಬಳ್ಳಿಯವರಿಗೆ ನಾವು ಮಾಡೋದು ಬೇಡ, ಅಂಗಡಿ ಯಜಮಾನರಿಗೆ ನಾನೇ ಮಾತಾಡ್ತೀನಿ."

ಕೊನೆಯ ಮಾತಿನಲ್ಲಿ ಹೊಸಬರ ಗಡಿ ಎಲ್ಲಿದೆ ಎಂಬುದು ಬಂದುಬಿಟ್ಟಿದೆ. ಹುಡುಕುವುದು, ಪಟ್ಟಿ ಮಾಡುವುದು, ಡ್ರಾಫ್ಟ್ ಸಿದ್ಧಪಡಿಸುವುದು ಹುಡುಗಿಯ ಕೆಲಸ. ಫೈಲ್ ಮಾಡುವುದು, ಹಣ ಕಟ್ಟಿಸುವುದು, ಪಾರ್ಟಿಗೆ ಹೇಳುವುದು ಸೀನಿಯರ್ ಕೆಲಸ. ಅಂಗಡಿಯವರಿಗೆ ತಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡರೆ ಪ್ರಾಮಾಣಿಕಳಾದೆ ಎಂದು ಅವಳಿಗೆ ಅನ್ನಿಸಬಹುದು, ಆದರೆ ಯಜಮಾನರು ಕೇಳುವ ಮುಂದಿನ ಪ್ರಶ್ನೆಗೆ ಅವಳಲ್ಲಿ ಉತ್ತರವಿರುವುದಿಲ್ಲ.

ಬೇಗ ಹೇಳಿದ್ದರಿಂದ 427ರಲ್ಲಿ ಏನು ಲಾಭ, ಅದನ್ನು ಹೇಗೂ ಈ ತಿಂಗಳು ತಿದ್ದಲಾಗುವುದಿಲ್ಲವಲ್ಲ ಎಂದು ಕೇಳಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಲಾಭ ಇದರಲ್ಲೇ ಇದೆ. 12ರಂದೇ ಗೊತ್ತಾದರೆ ದಾವಣಗೆರೆಯ ಯಜಮಾನರು ಹುಬ್ಬಳ್ಳಿಯವರಿಗೆ ತಾವಾಗಿಯೇ ಫೋನ್ ಮಾಡಿ, "ಈ ಸಲ ನಿಮ್ಮದೊಂದು ಬಿಲ್ಲು ತಪ್ಪಿದೆ, ಮುಂದಿನ ತಿಂಗಳು ಬರುತ್ತೆ" ಎನ್ನಬಹುದು. ಅವರು 20ಕ್ಕೆ ಹಣ ಹೊಂದಿಸಿಕೊಳ್ಳುತ್ತಾರೆ. ಹಾವೇರಿಯವರಿಗೂ ಹೇಳಬೇಕು. ಬಂದ ಬಿಲ್ಲುಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ವ್ಯವಸ್ಥೆ 2024ರ ಅಕ್ಟೋಬರಿನಿಂದ ಪೋರ್ಟಲಿನಲ್ಲಿದೆ. ಅಲ್ಲಿ ಏನೂ ಮಾಡದೆ ಸುಮ್ಮನೆ ಬಿಟ್ಟರೆ ಬಿಲ್ಲನ್ನು ಒಪ್ಪಿದಂತೆಯೇ ಲೆಕ್ಕ. ತಾವು ಕೊಳ್ಳದ ಮಾಲಿನ 11,700 ತೆರಿಗೆಯನ್ನು ಹಾವೇರಿಯವರು ಗಮನಿಸದೆ ಕಳೆದುಕೊಂಡುಬಿಟ್ಟರೆ, ನಾಳೆ ಅದನ್ನು ವಾಪಸು ಮಾಡಬೇಕಾದವರು ಅವರು, ನೋಟಿಸಿಗೆ ಉತ್ತರ ಕೊಡಬೇಕಾದವರೂ ಅವರೇ. ಹೆಸರು ಹೋಲುತ್ತದೆ ಎಂಬುದರ ಹೊರತು ಅವರದೇನೂ ತಪ್ಪಿಲ್ಲ.

ಇನ್ನು, ಬೈಯುವ ಹಿರಿಯರ ವಿಷಯ. ಇದ್ದಾರೆ. ರಿಟರ್ನಿನ ದಿನಗಳಲ್ಲಿ ಯಾರ ತಾಳ್ಮೆಯೂ ನೆಟ್ಟಗಿರುವುದಿಲ್ಲ. ಅವರು ಬಿಡುವಾಗಲಿ, ಚಹಾ ಕುಡಿಯುವಾಗ ಹೇಳೋಣ ಎಂದು ಸಮಯ ಕಾಯಬೇಡಿ, ಆ ಹೊತ್ತು 20ರ ತನಕ ಬರುವುದೇ ಇಲ್ಲ. ಹೇಳಿದವರ ಮೇಲೆ ಎಲ್ಲರೆದುರು ಕೂಗಾಡುವ ಹಿರಿಯರಿಗೂ ಒಂದು ಮಾತು: ಮುಂದಿನ ಸಲ ಆ ಹುಡುಗಿಯಷ್ಟೇ ಅಲ್ಲ, ಕೂಗಾಟ ಕೇಳಿಸಿಕೊಂಡ ಉಳಿದ ನಾಲ್ವರೂ ಸುಮ್ಮನಿರುತ್ತಾರೆ. ಆಗ ನಿಮ್ಮ ಆಫೀಸಿನ ತಪ್ಪುಗಳನ್ನು ನಿಮಗೆ ಹೇಳುವವರು ಹುಬ್ಬಳ್ಳಿಯ ಗುತ್ತಿಗೆದಾರರು, ಇಲ್ಲವೇ ತೆರಿಗೆ ಇಲಾಖೆಯವರು.

ಅದೇ ವಾರ ಹುಡುಗಿ ಇನ್ನೊಂದು ಸಣ್ಣ ಸಲಹೆಯನ್ನೂ ಕೊಡಬಹುದು. ಫೈಲ್ ಮಾಡುವ ಮೊದಲು ಒಟ್ಟು ಮೊತ್ತದ ಜೊತೆ ಪಾರ್ಟಿವಾರು ಮೊತ್ತದ ಪಟ್ಟಿಯನ್ನೂ ಅಂಗಡಿಗೆ ಕಳಿಸಿ ಒಪ್ಪಿಗೆ ಪಡೆಯೋಣ ಎಂಬುದು. ತಮ್ಮ ಗಿರಾಕಿಗಳನ್ನು ಬಲ್ಲ ಮಾಲೀಕರಿಗೆ ಹಾವೇರಿಯವರ ಹೆಸರಿನ ಮುಂದೆ ತಾವು ಮಾರದ 65,000 ತಕ್ಷಣ ಕಣ್ಣಿಗೆ ಬೀಳುತ್ತದೆ. ಆಫೀಸಿನವರಿಗೆ ಅದು ನೂರು ಸಾಲುಗಳಲ್ಲಿ ಒಂದು ಸಾಲು ಮಾತ್ರ.

20 ದಾಟಿದ ಮೇಲೆ ತಪ್ಪು ಗೊತ್ತಾದರೆ ದಾರಿ ಪೂರ್ತಿ ಮುಚ್ಚಿತೆಂದಲ್ಲ. ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದಬಹುದು, ಕಡಿಮೆ ಕಟ್ಟಿದ್ದರೆ ಬಡ್ಡಿ ಸೇರಿಸಿ ಕಟ್ಟಬಹುದು. ಅದಕ್ಕೂ ಒಂದು ಕೊನೆಯಿದೆ. ಒಂದು ಹಣಕಾಸು ವರ್ಷದ ಬಿಲ್ಲುಗಳನ್ನು ತಿದ್ದಲು ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದೇ ಗಡುವು. ಆಡಿಟರ್ ಆಫೀಸಿನಲ್ಲಿ ಹೊಸದಾಗಿ ಕೂತಿರುವವರ ಡ್ರಾಯರಿನಲ್ಲೋ ಮನಸ್ಸಿನಲ್ಲೋ ಹಳೆಯ ಬಿಲ್ಲೊಂದು ಹಾಗೇ ಉಳಿದಿದ್ದರೆ, ಅದು ಯಾವ ವರ್ಷದ್ದೆಂದು ಇವತ್ತೇ ನೋಡಿ ನಿಮ್ಮ ಸೀನಿಯರಿಗೆ ಹೇಳಿ.